ರಿವ್ಯೂ ಮಾಡಲ್ಲ ಅಂದಮೇಲೆ ಬೇರೆಯವರ ಹೆಸರು ಕೊಡೋದು ಹೇಗೆ?

ತೇವಾಂಶ
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಒಂದು ಜರ್ನಲ್‌ನಿಂದ ಪೇಪರ್ ರಿವ್ಯೂ ಮಾಡಿಕೊಡಿ ಅಂತ ಮೇಲ್ ಬಂತು. ಜರ್ನಲ್ ಒಳ್ಳೆಯದು, ವಿಷಯವೂ ನನ್ನದೇ. ಆದರೆ ನನಗೆ ಆಗುವುದಿಲ್ಲ. ನಾಲ್ಕು ಥೀಸಿಸ್ ಮೇಜಿನ ಮೇಲೆ ಕೂತಿವೆ, ಇವರು 21 ದಿನದಲ್ಲಿ ರಿಪೋರ್ಟ್ ಕೇಳುತ್ತಿದ್ದಾರೆ.

ಬರೀ "ಆಗಲ್ಲ" ಅನ್ನುವ ಬದಲು ಎಡಿಟರ್‌ಗೆ ಎರಡು ಮೂರು ಹೆಸರು ಕೊಡೋಣ ಅಂದುಕೊಂಡೆ. ತಲೆಗೆ ಬಂದವರು ಮೂವರು. ಒಬ್ಬರು ನನ್ನ ಪಿಎಚ್‌ಡಿ ಗೈಡ್. ಇನ್ನೊಬ್ಬರು ಈ ಕ್ಷೇತ್ರದ ದೊಡ್ಡ ಹೆಸರು, ಎಲ್ಲರಿಗೂ ಗೊತ್ತಿರುವವರು. ಮೂರನೆಯವಳು ನನ್ನ ಗೆಳತಿ, ಪೋಸ್ಟ್‌ಡಾಕ್ ಮಾಡುತ್ತಿದ್ದಾಳೆ. ಇವರನ್ನು ಮೊದಲೇ ಕೇಳಬೇಕಾ? ಹೆಸರಿನ ಜೊತೆ ಏನೇನು ಬರೆಯಬೇಕು?

ಮಾತಿಗೆ ಅನುಕೂಲ ಆಗಲಿ ಅಂತ ವಿಷಯವನ್ನು ಹೀಗೆ ಇಟ್ಟುಕೊಳ್ಳೋಣ: ಉಪ್ಪು ಜಾಸ್ತಿ ಇರುವ ಮಣ್ಣಿನಲ್ಲಿ ಕೆಪಾಸಿಟೆನ್ಸ್ ಸೆನ್ಸರ್ ನೀರಿನ ಪ್ರಮಾಣವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅದನ್ನು ಒಂದು ಸಂಖ್ಯಾಶಾಸ್ತ್ರದ ಮಾದರಿಯಿಂದ ತಿದ್ದಿದ್ದೇವೆ ಅನ್ನುವ ಪೇಪರ್. ನಿಜವಾದ ಪೇಪರ್ ಇದಲ್ಲ, ಅದನ್ನು ಹೋಲುವ ಉದಾಹರಣೆ ಅಷ್ಟೇ.

ಮೌನಿ
ಉತ್ತರ ಕೊಡದೆ ಸುಮ್ನೆ ಇದ್ದುಬಿಡಿ. ಒಂದು ವಾರ ಆದಮೇಲೆ ಸಿಸ್ಟಮ್ ತಾನೇ ನಿಮ್ಮ ಹೆಸರು ತೆಗೆದುಹಾಕುತ್ತದೆ. ನಾನು ಮಾಡೋದೇ ಹಾಗೆ.

ಎರಡನೇ ರಿವ್ಯೂವರ್
ಮೇಡಂ, ರಿವ್ಯೂಗೆ ಬಂದ ಪೇಪರ್‌ನ ವಿಷಯ ಹೀಗೆ ಬಹಿರಂಗವಾಗಿ ಹಾಕುತ್ತಿದ್ದೀರಲ್ಲ! ಇದು ಗೋಪ್ಯ ಅಂತ ಆ ಮೇಲ್‌ನಲ್ಲೇ ಬರೆದಿರುತ್ತದೆ. ಮೊದಲು ಪೋಸ್ಟ್ ಅಳಿಸಿ.

ತೇವಾಂಶ
ಕೊನೆಯ ಸಾಲು ಓದಿ ಸರ್.

ಎರಡನೇ ರಿವ್ಯೂವರ್
ಓದಿದೆ. ಕ್ಷಮಿಸಿ. ಪೂರ್ತಿ ಓದದೇ ಟೀಕೆ ಮಾಡೋದು ನನ್ನ ಹೆಸರಿಗೇ ಅಂಟಿಕೊಂಡ ಗುಣ.

ಹಳೇ ಎಡಿಟರ್
ಮೌನಿಯವರೇ, ನೀವು ಸುಮ್ಮನಿದ್ದ ಆ ಒಂದು ವಾರ ಆ ಪೇಪರ್ ಬರೆದವರ ಲೆಕ್ಕಕ್ಕೆ ಹೋಗುತ್ತದೆ. ನಾನು ಒಂದು ಜರ್ನಲ್‌ನಲ್ಲಿ ಅಸೋಸಿಯೇಟ್ ಎಡಿಟರ್. ಮೊದಲು ಎರಡೋ ಮೂರೋ ಜನಕ್ಕೆ ಆಹ್ವಾನ ಕಳಿಸುತ್ತೇನೆ. ಒಬ್ಬರು ಅದೇ ದಿನ "ಆಗಲ್ಲ" ಅಂದರೆ ಅದೇ ದಿನ ಮುಂದಿನವರಿಗೆ ಕಳಿಸಬಹುದು. ಸುಮ್ಮನಿದ್ದರೆ ನೆನಪಿನ ಮೇಲ್ ಹೋಗುವವರೆಗೆ ಕಾಯಬೇಕು, ಆಮೇಲೆ ಇನ್ನೂ ಸ್ವಲ್ಪ ದಿನ. ಹೀಗೆ ಮೂರು ಜನ ಸಾಲಾಗಿ ಮೌನ ಆಚರಿಸಿದರೆ ರಿವ್ಯೂ ಶುರುವಾಗುವ ಮೊದಲೇ ಒಂದು ತಿಂಗಳು ಹೋಯಿತು. ಆಮೇಲೆ ನಿಮ್ಮ ಪೇಪರ್ ಎಲ್ಲೋ ಸಿಕ್ಕಿಕೊಂಡಾಗ ನೀವೇ ಇಲ್ಲಿ ಬಂದು ಬೈಯುತ್ತೀರಿ.

ತೇವಾಂಶ ಮೇಡಂ, ಮೊದಲು ಒಂದು ಪ್ರಶ್ನೆ. ಸಮಯ ಒಂದೇ ತೊಂದರೆಯಾ? ಹಾಗಿದ್ದರೆ ಡಿಕ್ಲೈನ್ ಮಾಡುವ ಮೊದಲು "ಆರು ವಾರ ಕೊಟ್ಟರೆ ಮಾಡುತ್ತೇನೆ" ಅಂತ ಒಂದು ಸಾಲು ಬರೆದು ಕೇಳಿ. ವಿಷಯ ಚೆನ್ನಾಗಿ ಗೊತ್ತಿರುವ ಒಬ್ಬರು ಸಿಗುತ್ತಾರೆ ಅಂದರೆ ನಾನಂತೂ ಮೂರು ವಾರ ಜಾಸ್ತಿ ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಸಿಡುಕ
ಈ ಹೆಸರು ಕೊಡುವ ಪದ್ಧತಿಯೇ ಮೋಸ. ಪೇಪರ್ ಕಳಿಸುವಾಗ ನಾನು ಐದು ಹೆಸರು ಕೊಟ್ಟೆ. ಐವರಲ್ಲಿ ಒಬ್ಬರನ್ನೂ ಕೇಳಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಬೇಡ ಅಂತ ಬರೆದಿದ್ದ ಒಬ್ಬರಿಗೇ ಕಳಿಸಿದ್ದರು. ಹಾಗಾದರೆ ಕೇಳೋದು ಯಾಕೆ?

ನಾಲ್ಕನೇ ವರ್ಷ
ಸರ್, ಅದು ಬೇರೆ. ನೀವು ಹೇಳುತ್ತಿರುವುದು ಪೇಪರ್ ಬರೆದವರು ಕೊಡುವ ಹೆಸರು. ಇಲ್ಲಿ ಮೇಡಂ ಕೇಳಿದ್ದು ರಿವ್ಯೂ ಬೇಡ ಅಂದವರು ಕೊಡುವ ಹೆಸರಿನ ಬಗ್ಗೆ.

ಸಿಡುಕ
ಎಲ್ಲಾ ಒಂದೇ. ಕೊನೆಗೆ ಎಡಿಟರ್ ತನಗೆ ಬೇಕಾದವರನ್ನೇ ಹಾಕಿಕೊಳ್ಳುತ್ತಾರೆ.

ಹಳೇ ಎಡಿಟರ್
ಒಂದೇ ಅಲ್ಲ ಸ್ವಾಮಿ. ಬರೆದವರು ಕೊಟ್ಟ ಹೆಸರನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ, ಅವರಿಗೆ ಪೇಪರ್ ಪಾಸಾಗಬೇಕು. ಡಿಕ್ಲೈನ್ ಮಾಡಿದವರಿಗೆ ಸಾಮಾನ್ಯವಾಗಿ ಅಂಥ ಆಸೆ ಇರುವುದಿಲ್ಲ. ವಿಷಯ ಗೊತ್ತಿದ್ದವರು ಯಾವ ಲಾಭವೂ ಇಲ್ಲದೆ ಕೊಟ್ಟ ಹೆಸರು ಅಂತ ಅದಕ್ಕೆ ಬೆಲೆ ಜಾಸ್ತಿ. ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕಳಿಸುವುದೂ ಇಲ್ಲ.

ಗಡಿಬಿಡಿ
ನನ್ನ ಕಥೆ ಕೇಳಿ. ಮೇಲ್‌ನಲ್ಲಿ Agree, Decline ಅಂತ ಎರಡು ಲಿಂಕ್ ಇದ್ದವು. ಹೆಸರು ಬರೆಯಲು ಮುಂದೆ ಜಾಗ ಕೊಡುತ್ತಾರೆ ಅಂದುಕೊಂಡು Decline ಒತ್ತಿದೆ. "ಧನ್ಯವಾದ" ಅಂತ ಒಂದು ಪುಟ ಬಂತು, ಕೆಳಗೆ ಏನೋ ಒಂದು ಚೌಕ ಇತ್ತು. ಫೋನ್‌ನಲ್ಲಿ ಕೆಳಗೆ ಎಳೆದು ನೋಡದೆ ಮುಚ್ಚಿಬಿಟ್ಟೆ. ಮತ್ತೆ ಅದೇ ಲಿಂಕ್ ಒತ್ತಿದರೆ "ನೀವು ಈಗಾಗಲೇ ಉತ್ತರ ಕೊಟ್ಟಿದ್ದೀರಿ" ಅಂತ ಬಂತು. ಹೆಸರುಗಳು ನನ್ನ ಹತ್ತಿರವೇ ಉಳಿದವು.

ನಾಲ್ಕನೇ ವರ್ಷ
ಅಯ್ಯೋ. ಆಮೇಲೆ?

ಗಡಿಬಿಡಿ
ಆಮೇಲೆ ಏನಿಲ್ಲ. ಬಿಟ್ಟೆ.

ಹಳೇ ಎಡಿಟರ್
ಬಿಡಬೇಕಾಗಿರಲಿಲ್ಲ. ಆಹ್ವಾನದ ಮೇಲ್‌ಗೇ ರಿಪ್ಲೈ ಮಾಡಿ ಹೆಸರು ಕಳಿಸಬಹುದಿತ್ತು. ಮೇಲೆ ಮ್ಯಾನುಸ್ಕ್ರಿಪ್ಟ್ ನಂಬರ್ ಹಾಕಿದರೆ ಸಾಕು. ಕಳಿಸಿದ ವಿಳಾಸ ರಿಪ್ಲೈ ತೆಗೆದುಕೊಳ್ಳದ ಥರದ್ದಾಗಿದ್ದರೆ ಮೇಲ್‌ನ ಕೊನೆಯಲ್ಲಿ ಎಡಿಟರ್ ಹೆಸರೋ ಜರ್ನಲ್ ಆಫೀಸಿನ ವಿಳಾಸವೋ ಇರುತ್ತದೆ. ಜರ್ನಲ್‌ಗಳು ಬಳಸುವ ಎಡಿಟೋರಿಯಲ್ ಮ್ಯಾನೇಜರ್, ಸ್ಕಾಲರ್‌ಒನ್ ಅನ್ನುವ ಎರಡೂ ಸಿಸ್ಟಮ್‌ಗಳಲ್ಲಿ ಜರ್ನಲ್‌ಗೊಂದು ಥರ ಪುಟ ಇಟ್ಟುಕೊಂಡಿರುತ್ತಾರೆ. ಕೆಲವು ಕಡೆ ಕಾರಣ ಮತ್ತು ಹೆಸರಿಗೆ ಬೇರೆ ಬೇರೆ ಚೌಕ, ಕೆಲವು ಕಡೆ ಎರಡಕ್ಕೂ ಒಂದೇ. ಅದಕ್ಕೇ ಮೊದಲು ಬೇರೆ ಕಡೆ ಟೈಪ್ ಮಾಡಿ ಇಟ್ಟುಕೊಂಡು ಆಮೇಲೆ ಲಿಂಕ್ ಒತ್ತಿ. ಹೆಸರು ಹುಡುಕಲು ಎರಡು ದಿನ ಬೇಕು ಅನ್ನಿಸಿದರೆ ಡಿಕ್ಲೈನ್ ಇವತ್ತೇ ಮಾಡಿ, ಹೆಸರು ನಾಳೆ ಕಳಿಸಿ. ಹೆಸರಿಗಾಗಿ ಉತ್ತರ ತಡ ಮಾಡಬೇಡಿ.

ತೇವಾಂಶ
ಸರಿ ಸರ್. ಮೂರು ಹೆಸರಿನ ಬಗ್ಗೆ ಏನು ಹೇಳುತ್ತೀರಿ?

ಹಳೇ ಎಡಿಟರ್
ಒಂದೊಂದಾಗಿ ನೋಡೋಣ. ನಿಮಗೆ ಬರೆದವರ ಹೆಸರು ಕಾಣುತ್ತಿದೆಯಾ, ಇಲ್ಲ ಅದು ಮುಚ್ಚಿದೆಯಾ?

ತೇವಾಂಶ
ಕಾಣುತ್ತಿದೆ. ಮೂವರು.

ಹಳೇ ಎಡಿಟರ್
ಒಳ್ಳೆಯದಾಯಿತು. ಹಾಗಿದ್ದರೆ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಗೈಡ್ ಹೆಸರನ್ನೂ ಆ ಮೂವರ ಹೆಸರನ್ನೂ ಒಂದೊಂದಾಗಿ ಜೋಡಿ ಮಾಡಿ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಕಳೆದ ನಾಲ್ಕೈದು ವರ್ಷದಲ್ಲಿ ಜೊತೆಯಾಗಿ ಪೇಪರ್ ಬರೆದಿದ್ದಾರಾ ನೋಡಿ. ಎಷ್ಟು ವರ್ಷ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನೋದು ಜರ್ನಲ್‌ನಿಂದ ಜರ್ನಲ್‌ಗೆ ಬೇರೆ. ಒಂದೇ ಸಂಸ್ಥೆ, ಗೈಡ್-ವಿದ್ಯಾರ್ಥಿ ಸಂಬಂಧ ಇವನ್ನೂ ನೋಡಿ.

ದೊಡ್ಡ ಹೆಸರಿನವರ ಬಗ್ಗೆ ಒಂದು ಮಾತು. ಅವರ ಹೆಸರು ನನಗೆ ನೀವು ಹೇಳಬೇಕಾಗಿಲ್ಲ, ಆಗಲೇ ಗೊತ್ತು. ಬಹುಶಃ ಮೊದಲ ಆಹ್ವಾನ ಅವರಿಗೇ ಹೋಗಿ, ಅವರು ಆಗಲ್ಲ ಅಂದಮೇಲೆ ನಿಮ್ಮ ಹತ್ತಿರ ಬಂದಿರುತ್ತದೆ.

ಎರಡನೇ ರಿವ್ಯೂವರ್
ಅಂದರೆ ಮೇಡಂ ಹೆಸರನ್ನು ಕೊಟ್ಟವರೇ ಆ ದೊಡ್ಡವರು ಇರಬಹುದು. ಈಗ ಮೇಡಂ ವಾಪಸ್ ಅವರ ಹೆಸರು ಕೊಡುತ್ತಾರೆ. ಚೆಂಡಾಟ.

ತೇವಾಂಶ
ಹಹ್ಹ. ಹುಡುಕಿ ನೋಡಿದೆ. ನಮ್ಮ ಗೈಡ್ ಎರಡು ವರ್ಷದ ಹಿಂದೆ ಈ ಪೇಪರ್‌ನ ಕೊನೆಯ ಲೇಖಕರ ಜೊತೆ ಒಂದು ಪೇಪರ್ ಬರೆದಿದ್ದಾರೆ. ಅದರಲ್ಲಿ ಎಂಟು ಜನ ಲೇಖಕರು, ಇಬ್ಬರೂ ಮಾತಾಡಿದ್ದಾರೋ ಇಲ್ಲವೋ.

ಹಳೇ ಎಡಿಟರ್
ಮಾತಾಡದಿದ್ದರೂ ಬಿಡಿ. ಅವರ ಹೆಸರು ತೆಗೆದುಹಾಕಿ.

ಅಂಕಿಸಂಖ್ಯೆ
ಇದಕ್ಕೆ ನಾನು ಒಪ್ಪಲ್ಲ. ಎಂಟು ಜನರ ಪೇಪರ್‌ನಲ್ಲಿ ಒಟ್ಟಿಗೆ ಹೆಸರು ಬಂದ ಮಾತ್ರಕ್ಕೆ ತೆಗೆದುಹಾಕುತ್ತಾ ಹೋದರೆ ಸಣ್ಣ ಕ್ಷೇತ್ರದಲ್ಲಿ ಯಾರೂ ಉಳಿಯುವುದಿಲ್ಲ. ಕೆಲವು ಪ್ರಯೋಗಗಳಲ್ಲಿ ಒಂದು ಪೇಪರ್‌ಗೆ ನೂರಾರು ಲೇಖಕರು ಇರುತ್ತಾರೆ. ಹೆಸರು ಕೊಟ್ಟು, ಪಕ್ಕದಲ್ಲಿ "ಇಂಥ ಪೇಪರ್‌ನಲ್ಲಿ ಒಟ್ಟಿಗೆ ಇದ್ದರು" ಅಂತ ಬರೆದರೆ ಸಾಕು. ತೀರ್ಮಾನ ಎಡಿಟರ್ ಮಾಡಲಿ.

ಹಳೇ ಎಡಿಟರ್
ನೂರಾರು ಲೇಖಕರ ಮಾತು ನಿಜ, ಅಲ್ಲಿ ನಿಯಮ ಸಡಿಲ. ಆದರೆ ಇಲ್ಲಿ ಇನ್ನೊಂದಿದೆ. ಅವರು ಮೇಡಂ ಅವರ ಗೈಡ್. ಎರಡೂ ಸೇರಿದರೆ ನೋಡುವವರಿಗೆ ಚೆನ್ನಾಗಿ ಕಾಣುವುದಿಲ್ಲ. ಬೇರೆ ಹೆಸರು ಸಿಗುವಾಗ ಯಾಕೆ?

ನಾಲ್ಕನೇ ವರ್ಷ
ಬರೆದವರ ಹೆಸರು ಮುಚ್ಚಿದ್ದರೆ ಇದನ್ನೆಲ್ಲ ನೋಡೋದು ಹೇಗೆ?

ಹಳೇ ಎಡಿಟರ್
ನೋಡಲು ಆಗುವುದಿಲ್ಲ. "ಲೇಖಕರು ಯಾರೆಂದು ಗೊತ್ತಿಲ್ಲ, ಹಾಗಾಗಿ ಇವರಿಗೂ ಅವರಿಗೂ ನಂಟು ಇದೆಯೇ ಎಂದು ನೋಡಿಲ್ಲ" ಅಂತ ಬರೆದುಬಿಡಿ. ನಾವು ನೋಡಿಕೊಳ್ಳುತ್ತೇವೆ. ಊಹೆ ಮಾಡಿ ಲೇಖಕರನ್ನು ಪತ್ತೆ ಹಚ್ಚಲು ಹೋಗಬೇಡಿ.

ತೇವಾಂಶ
ಹಾಗಾದರೆ ಉಳಿದವಳು ಗೆಳತಿ ಒಬ್ಬಳೇ. ಪೋಸ್ಟ್‌ಡಾಕ್ ಹೆಸರು ಕೊಟ್ಟರೆ ಎಡಿಟರ್ ನಗುವುದಿಲ್ಲ ತಾನೇ?

ಹಳೇ ಎಡಿಟರ್
ನಗುವುದಾ? ನನಗೆ ಬೇಕಾದದ್ದೇ ಅದು. ದೊಡ್ಡವರನ್ನು ನಮ್ಮ ಸಿಸ್ಟಮ್ ತಾನೇ ತೋರಿಸುತ್ತದೆ. ಪಿಎಚ್‌ಡಿ ಮುಗಿಸಿ ಎರಡು ವರ್ಷ ಆದವರು, ಮೂರು ನಾಲ್ಕು ಒಳ್ಳೆ ಪೇಪರ್ ಇರುವವರು ಅದರಲ್ಲಿ ಸಿಗುವುದಿಲ್ಲ. ಅವರು ನಿಮ್ಮಂಥವರಿಗೆ ಮಾತ್ರ ಗೊತ್ತು. ರಿಪೋರ್ಟ್ ಕೂಡ ಅವರೇ ಚೆನ್ನಾಗಿ ಬರೆಯುತ್ತಾರೆ. ಅಂಕಿ ಅಂಶ ಹಿಡಿದು ಕೂತು ಲೆಕ್ಕ ಹಾಕಿ ನೋಡುವವರು ಅವರೇ.

ಆದರೆ ಬರೀ ಹೆಸರು ಕೊಟ್ಟರೆ ನನಗೆ ಏನೂ ಗೊತ್ತಾಗುವುದಿಲ್ಲ. ಒಂದು ಸಾಲು ಕಾರಣ ಬೇಕು. "ಉಪ್ಪು ಮಣ್ಣಿನಲ್ಲಿ ಇದೇ ಥರದ ಸೆನ್ಸರ್‌ಗಳನ್ನು ಕ್ಯಾಲಿಬ್ರೇಟ್ ಮಾಡಿದ್ದಾರೆ" ಅಂದರೆ ಸಾಕು. "ಒಳ್ಳೆಯ ವಿಜ್ಞಾನಿ" ಅಂದರೆ ಉಪಯೋಗ ಇಲ್ಲ.

ಅಂಕಿಸಂಖ್ಯೆ
ಮೇಡಂ ಕೊಟ್ಟ ಉದಾಹರಣೆ ನೋಡಿ, ಅದರಲ್ಲಿ ಎರಡು ಭಾಗ ಇದೆ. ಮಣ್ಣಿನಲ್ಲಿ ಉಪ್ಪು ಹೆಚ್ಚಾದರೆ ವಿದ್ಯುತ್ ಹರಿಯೋದು ಹೆಚ್ಚು, ಅದಕ್ಕೇ ಸೆನ್ಸರ್ ಮೋಸ ಹೋಗುತ್ತದೆ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುವ ಸೆನ್ಸರ್‌ಗಳಲ್ಲಿ ಇದು ಜಾಸ್ತಿ. ಇದು ಒಂದು ಭಾಗ. ಒಂದೇ ಹೊಲದಿಂದ ಮತ್ತೆ ಮತ್ತೆ ತೆಗೆದ ಅಳತೆಗಳನ್ನು ಬೇರೆ ಬೇರೆ ಅಂತ ಲೆಕ್ಕ ಹಾಕಿದ್ದಾರಾ ಅನ್ನೋದು ಇನ್ನೊಂದು. ಸೆನ್ಸರ್ ಗೊತ್ತಿರುವ ಇಬ್ಬರಿಗೆ ಕಳಿಸಿದರೆ ಇಬ್ಬರೂ ಎರಡನೇ ಭಾಗವನ್ನು "ಮಾದರಿ ಸರಿಯಾಗಿದೆ ಅನ್ನಿಸುತ್ತದೆ" ಅಂತ ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನ್ನ ಕೈಗೆ ಬಂದ ಎಷ್ಟೋ ಪ್ರಕಟವಾದ ಪೇಪರ್‌ಗಳಲ್ಲಿ ತಪ್ಪು ಉಳಿದಿರೋದು ಅಲ್ಲೇ.

ಹಾಗಾಗಿ ಎರಡು ಹೆಸರು ಕೊಡುವುದಾದರೆ ಎರಡೂ ಒಂದೇ ಥರದವರು ಬೇಡ. ಒಬ್ಬರು ಸೆನ್ಸರ್‌ಗೆ, ಒಬ್ಬರು ಲೆಕ್ಕಕ್ಕೆ. ಯಾರು ಯಾವುದಕ್ಕೆ ಅಂತಲೂ ಬರೆಯಿರಿ.

ಹಳೇ ಎಡಿಟರ್
ಇದು ಚಿನ್ನದಂಥ ಮಾತು. ಹೆಸರಿಗಿಂತ ಹೆಚ್ಚಾಗಿ "ಈ ಪೇಪರ್‌ಗೆ ಲೆಕ್ಕ ನೋಡುವವರು ಒಬ್ಬರು ಬೇಕು" ಅನ್ನುವ ಸಾಲೇ ನನಗೆ ದೊಡ್ಡ ಸಹಾಯ. ಅಬ್‌ಸ್ಟ್ರಾಕ್ಟ್ ಓದಿ ನಾನು ಅದನ್ನು ಗಮನಿಸದೇ ಇರಬಹುದು.

ಗಡಿಬಿಡಿ
ಅಂಥ ಹೆಸರು ಹುಡುಕೋದು ಎಲ್ಲಿ? ಪೇಪರ್ ಪೂರ್ತಿ ಕಾಣುವುದಿಲ್ಲ, ಅಬ್‌ಸ್ಟ್ರಾಕ್ಟ್ ಮಾತ್ರ. ಕೊನೆಯ ರೆಫರೆನ್ಸ್ ಪಟ್ಟಿ ನೋಡೋಣ ಅಂತ Agree ಒತ್ತಿ, ಪೇಪರ್ ಇಳಿಸಿಕೊಂಡು, ಆಮೇಲೆ ಆಗಲ್ಲ ಅಂದರೆ?

ಎರಡನೇ ರಿವ್ಯೂವರ್
ಬೇಡ!! ಕೋಪ್ ಅಂತ ಒಂದು ಸಂಸ್ಥೆ ಇದೆ, ಪ್ರಕಟಣೆಯ ನೀತಿ ನಿಯಮ ಬರೆಯುವವರು. ಮಾಡುವ ಮನಸ್ಸಿಲ್ಲದೆ ಬರೀ ಪೇಪರ್ ನೋಡಲು ಒಪ್ಪಿಕೊಳ್ಳಬೇಡಿ ಅಂತ ಅವರ ರಿವ್ಯೂವರ್ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಇದೆ.

ಮೌನಿ
ಕೋಪ್ ಹೆಸರು ಹೇಳುವಾಗ ನಿಮಗೇ ಕೋಪ ಬಂದ ಹಾಗಿದೆ.

ಅಂಕಿಸಂಖ್ಯೆ
ಹುಡುಕೋದು ಸುಲಭ. ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುವ ಒಂದು ಹಳೇ ಪೇಪರ್ ಇರುತ್ತದೆ. ಮಣ್ಣಿನ ತೇವದಲ್ಲಾದರೆ ಟಾಪ್ ಅನ್ನುವವರ ಸಮೀಕರಣ ಇರುವ 1980ರ ಪೇಪರ್. ಅದನ್ನು ಉಲ್ಲೇಖಿಸಿದ ಪೇಪರ್‌ಗಳನ್ನು ತೆಗೆದು, ಅದರೊಳಗೆ ನಿಮ್ಮ ವಿಷಯದ ಪದ ಹಾಕಿ, ಕಳೆದ ಮೂರು ವರ್ಷದ್ದು ಮಾತ್ರ ನೋಡಿ. ಕೊನೆಯ ಲೇಖಕರನ್ನು ಬಿಟ್ಟು ಮೊದಲ ಲೇಖಕರನ್ನು ನೋಡಿ. ಒಂದೇ ಹೆಸರು ಎರಡು ಮೂರು ಸಲ ಬಂದರೆ ಅವರು ಈಗಲೂ ಆ ಕೆಲಸದಲ್ಲೇ ಇದ್ದಾರೆ ಅಂತ ಅರ್ಥ. ಕಾಲು ಗಂಟೆ ಸಾಕು.

ಸಿಡುಕ
ಸಂಬಳ ಇಲ್ಲದ ಕೆಲಸವನ್ನು ಬೇಡ ಅನ್ನೋದಕ್ಕೂ ಕಾಲು ಗಂಟೆ ಸಂಬಳ ಇಲ್ಲದ ಕೆಲಸ. ಭೇಷ್.

ಮೌನಿ
ಈಗ ಸಿಡುಕ ಅವರ ಮಾತು ಸರಿ.

ಹಳೇ ಎಡಿಟರ್
ಹೆಸರು ಕೊಡಲೇಬೇಕು ಅಂತ ಯಾರೂ ಹೇಳಿಲ್ಲ. ಸಮಯ ಇಲ್ಲದಿದ್ದರೆ Decline ಒತ್ತಿ ಬಿಡಿ, ಅದೇ ದಿನ ಒತ್ತಿದರೆ ಅದೇ ಉಪಕಾರ.

ನಾಲ್ಕನೇ ವರ್ಷ
ಇಮೇಲ್ ವಿಳಾಸವೂ ಕೊಡಬೇಕಾ? ಅವರನ್ನು ಕೇಳದೆ ಕೊಡಬಹುದಾ?

ಎರಡನೇ ರಿವ್ಯೂವರ್
ಸಂಸ್ಥೆಯ ಪುಟದಲ್ಲಿ ಎಲ್ಲರಿಗೂ ಕಾಣುವ ವಿಳಾಸ ಆದರೆ ಕೊಡಿ. ಜಿಮೇಲ್ ಬೇಡ. 2014ರಲ್ಲಿ ಸೇಜ್ ಪ್ರಕಾಶನ ಒಂದೇ ಜರ್ನಲ್‌ನಿಂದ 60 ಪೇಪರ್ ವಾಪಸ್ ತೆಗೆದುಕೊಂಡಿತು. ಇಲ್ಲದ ರಿವ್ಯೂವರ್‌ಗಳ ಹೆಸರಲ್ಲಿ ಖಾತೆ ತೆರೆದು ತಮ್ಮ ಪೇಪರ್‌ಗಳಿಗೆ ತಾವೇ ರಿಪೋರ್ಟ್ ಬರೆಸಿಕೊಂಡಿದ್ದರು. 2017ರಲ್ಲಿ ಟ್ಯೂಮರ್ ಬಯಾಲಜಿ ಜರ್ನಲ್‌ನ 107 ಪೇಪರ್ ಇದೇ ಥರದ ಕಾರಣಕ್ಕೆ ಹೋದವು. ಆಮೇಲಿಂದ ಯಾರು ಜಿಮೇಲ್ ವಿಳಾಸ ಕೊಟ್ಟರೂ ಎಡಿಟರ್‌ಗಳ ಹುಬ್ಬು ಮೇಲೇರುತ್ತದೆ.

ಹಳೇ ಎಡಿಟರ್
ಏರುತ್ತದೆ. ನಾನು ಆ ವಿಳಾಸಕ್ಕೆ ಕಳಿಸುವುದೇ ಇಲ್ಲ. ಹೆಸರು, ಸಂಸ್ಥೆ, ಅವರ ಪುಟದ ಲಿಂಕ್ ಇಲ್ಲವೇ ಸಂಶೋಧಕರನ್ನು ಗುರುತಿಸುವ ಓರ್ಕಿಡ್ ನಂಬರ್ ಕೊಟ್ಟರೆ ಸಾಕು, ವಿಳಾಸ ನಾನೇ ಹುಡುಕಿಕೊಳ್ಳುತ್ತೇನೆ. ಇದರ ಇನ್ನೊಂದು ಮುಖವೂ ಇದೆ. ಆಹ್ವಾನ ಬಂದದ್ದು ಹೆಸರೇ ಕೇಳದ, ಅನುಮಾನ ಬರುವ ಜರ್ನಲ್‌ನಿಂದ ಆದರೆ ಯಾರ ಹೆಸರನ್ನೂ ಕೊಡಬೇಡಿ. ಅವರಿಗೆ ಬೇಕಾದದ್ದು ರಿವ್ಯೂ ಅಲ್ಲ, ವಿಳಾಸದ ಪಟ್ಟಿ.

ಗಡಿಬಿಡಿ
ಇದು ಗೊತ್ತಿರಲಿಲ್ಲ. ಹೋದ ವರ್ಷ ಅಂಥ ಒಂದಕ್ಕೆ ನಮ್ಮ ವಿಭಾಗದ ಅರ್ಧ ಜನರ ಹೆಸರು ಕೊಟ್ಟಿದ್ದೆ. ಈಗ ಅವರೆಲ್ಲ "ಗೌರವಾನ್ವಿತ ಪ್ರೊಫೆಸರ್, ನಿಮ್ಮ ಲೇಖನ ಕಳಿಸಿ" ಅನ್ನುವ ಮೇಲ್ ಬರುತ್ತಿದೆ ಅಂತ ಗೊಣಗುತ್ತಿರುತ್ತಾರೆ. ನಾನು ಸುಮ್ನೆ ಇರುತ್ತೇನೆ.

ತೇವಾಂಶ
ಗೆಳತಿಯನ್ನು ಮೊದಲೇ ಕೇಳುವ ಪ್ರಶ್ನೆ ಹಾಗೇ ಉಳಿಯಿತು. "ನಿನ್ನ ಹೆಸರು ಕೊಡಲಾ" ಅಂತ ಒಂದು ಮಾತು ಕೇಳೋದು ಮರ್ಯಾದೆ ಅಲ್ವಾ?

ಅಂಕಿಸಂಖ್ಯೆ
ಖಂಡಿತ ಕೇಳಬೇಕು. ಹೇಳದೆ ಕೇಳದೆ ಬೇರೆಯವರ ತಲೆಗೆ ಕೆಲಸ ಕಟ್ಟುವುದು ಸರಿಯಲ್ಲ.

ಹಳೇ ಎಡಿಟರ್
ಕೆಲಸ ಕಟ್ಟುವುದಿಲ್ಲವಲ್ಲ, ಆಹ್ವಾನ ಹೋಗುತ್ತದೆ ಅಷ್ಟೇ. ಅವರೂ ಬೇಡ ಅನ್ನಬಹುದು. ಕೇಳುವುದೇ ಆದರೆ "ಈ ತಿಂಗಳು ಸೆನ್ಸರ್ ಪೇಪರ್ ರಿವ್ಯೂ ಮಾಡಲು ಬಿಡುವಿದೆಯಾ" ಅನ್ನುವಷ್ಟು ಮಾತ್ರ. ಶೀರ್ಷಿಕೆ, ಲೇಖಕರು, ಜರ್ನಲ್, ಯಾವುದೂ ಬೇಡ. ಅಬ್‌ಸ್ಟ್ರಾಕ್ಟ್ ಫಾರ್ವರ್ಡ್ ಮಾಡುವ ಮಾತೇ ಇಲ್ಲ, ಆಹ್ವಾನದ ಮೇಲ್ ಕೂಡ ಗೋಪ್ಯವೇ.

ಅಂಕಿಸಂಖ್ಯೆ
ಅಷ್ಟು ಹೇಳಿದರೂ ಸಣ್ಣ ಕ್ಷೇತ್ರದಲ್ಲಿ ಯಾವ ಪೇಪರ್ ಅಂತ ಅರ್ಧ ಜನಕ್ಕೆ ಗೊತ್ತಾಗುತ್ತದೆ. ಆದರೂ ಕೇಳುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಹಳೇ ಎಡಿಟರ್
ಗೊತ್ತಾಗುತ್ತದೆ ಅನ್ನುವ ಕಾರಣಕ್ಕೇ ಕೇಳಬೇಡಿ ಅನ್ನುತ್ತೇನೆ ನಾನು.

ತೇವಾಂಶ
ಇಲ್ಲಿ ಒಂದು ವಿಷಯ ಹೇಳಲೇಬೇಕು. ಮೊದಲೇ ಹೇಳಬೇಕಿತ್ತು, ಸ್ವಲ್ಪ ಮುಜುಗರ ಆಯಿತು. ಥೀಸಿಸ್ ರಾಶಿ ಇರುವುದು ನಿಜ. ಆದರೆ ಅಬ್‌ಸ್ಟ್ರಾಕ್ಟ್ ಓದಿದಾಗ ಎದೆ ಧಸಕ್ ಅಂದಿತ್ತು. ನಾವು ಈಗ ಬರೆಯುತ್ತಿರುವ ಪೇಪರ್‌ನಲ್ಲೂ ಹೆಚ್ಚು ಕಡಿಮೆ ಇದೇ ಕೆಲಸ. ವಿಧಾನ ಸ್ವಲ್ಪ ಬೇರೆ, ಪ್ರಶ್ನೆ ಅದೇ. ಇನ್ನೂ ಎಲ್ಲಿಗೂ ಕಳಿಸಿಲ್ಲ.

ಎರಡನೇ ರಿವ್ಯೂವರ್
ಓಹೋ.

ಹಳೇ ಎಡಿಟರ್
ಹಾಗಿದ್ದರೆ ನಾನು ಮೊದಲು ಹೇಳಿದ "ಆರು ವಾರ ಕೇಳಿ" ಮಾತು ವಾಪಸ್. ನೀವು ಡಿಕ್ಲೈನ್ ಮಾಡಲೇಬೇಕು, ಅದೂ ಇವತ್ತೇ. ತಯಾರಿಯಲ್ಲಿರುವ ನಿಮ್ಮ ಪೇಪರ್‌ಗೆ ತುಂಬಾ ಹತ್ತಿರ ಇರುವುದನ್ನು ರಿವ್ಯೂ ಮಾಡಬಾರದು ಅಂತ ಕೋಪ್ ಮಾರ್ಗಸೂಚಿಯಲ್ಲೂ ಇದೆ. ಕಾರಣವನ್ನೂ ಹೇಳಿಬಿಡಿ. ಬರೀ "ಸಮಯ ಇಲ್ಲ" ಅಂತ ಬರೆದರೆ ನಾನು ಅದನ್ನು ನಂಬಿ, ಪೇಪರ್ ತಿದ್ದಿ ಬಂದಾಗ ಮೂರು ತಿಂಗಳ ನಂತರ ಮತ್ತೆ ನಿಮಗೇ ಆಹ್ವಾನ ಕಳಿಸಬಹುದು.

ಇನ್ನೊಂದು ಪ್ರಶ್ನೆ. ನಿಮ್ಮ ಆ ಪೇಪರ್‌ನಲ್ಲಿ ಯಾರ್ಯಾರು ಇದ್ದಾರೆ?

ತೇವಾಂಶ
ನಾನು, ನನ್ನ ವಿದ್ಯಾರ್ಥಿ. ಮತ್ತೆ ಗೆಳತಿ.

ಮೌನಿ
ಮೂರೂ ಹೆಸರು ಢಮಾರ್.

ನಾಲ್ಕನೇ ವರ್ಷ
ಪಾಪ ಮೇಡಂ.

ತೇವಾಂಶ
ಅವಳನ್ನು ಬಿಡುವುದು ಸರಿ, ಒಪ್ಪುತ್ತೇನೆ. ನಾನು ಯೋಚನೆ ಮಾಡಿರಲಿಲ್ಲ. "ನಾನು ಆಗಲ್ಲ" ಅಂತ ಹೇಳಿ ನನ್ನ ಪಕ್ಕದ ಕುರ್ಚಿಯವಳನ್ನು ಕೂರಿಸಿದ ಹಾಗೆ ಆಗುತ್ತಿತ್ತು.

ಎರಡನೇ ರಿವ್ಯೂವರ್
ಇನ್ನೂ ಮುಂದೆ ಹೋಗಿ ಕೇಳುತ್ತೇನೆ. ಎದುರಾಳಿ ಗುಂಪಿನವರು ಹೆಸರೇ ಕೊಡಬಾರದು ಅಂತ ಯಾಕೆ ಇರಬಾರದು? ಮೇಡಂ ಮೇಲೆ ಅನುಮಾನ ಇಲ್ಲ, ಸುಮ್ನೆ ಕೇಳುತ್ತಿದ್ದೇನೆ. ಆ ಪೇಪರ್ ನಾಲ್ಕು ತಿಂಗಳು ತಡ ಆದರೆ ಲಾಭ ಯಾರಿಗೆ? ಕಟುವಾಗಿ ಬರೆಯುವವರು ಯಾರು, ಆರು ತಿಂಗಳು ಕೂರಿಸಿಕೊಳ್ಳುವವರು ಯಾರು ಅಂತ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ನಾನೇ ಒಂದು ಸಲ ಹಾಗೆ ಮಾಡಿದ್ದೇನೆ. ಒಂದು ಪೇಪರ್‌ನ ವಿಧಾನ ನನಗೆ ಹಿಡಿಸಲಿಲ್ಲ. ಅದನ್ನು ಹರಿದು ಹಾಕುತ್ತಾರೆ ಅಂತ ಗೊತ್ತಿದ್ದವರ ಹೆಸರು ಕೊಟ್ಟೆ. ಅವರು ವಿಷಯ ಬಲ್ಲವರೇ, ಸುಳ್ಳು ಹೇಳಲಿಲ್ಲ. ಆದರೂ ಇವತ್ತಿಗೂ ಅದು ಸರಿಯೋ ತಪ್ಪೋ ಗೊತ್ತಿಲ್ಲ.

ಹಳೇ ಎಡಿಟರ್
ತಪ್ಪು. ಇಂಥ ಫಲಿತಾಂಶ ಬರಲಿ ಅನ್ನುವ ಉದ್ದೇಶದಿಂದ ಹೆಸರು ಕೊಡಬಾರದು ಅನ್ನೋದೂ ಅದೇ ಮಾರ್ಗಸೂಚಿಯಲ್ಲಿದೆ.

ಅಂಕಿಸಂಖ್ಯೆ
ಅಷ್ಟು ಸುಲಭ ಅಲ್ಲ. ಲೆಕ್ಕ ತಪ್ಪಿದೆ ಅಂತ ಅನುಮಾನ ಬಂದಾಗ ಲೆಕ್ಕ ಹಿಡಿಯುವವರ ಹೆಸರು ಕೊಡಿ ಅಂತ ನಾನೇ ಹೇಳಿದೆ. ಅದರಲ್ಲೂ ಫಲಿತಾಂಶದ ಊಹೆ ಇದ್ದೇ ಇರುತ್ತದೆ. ಗೆರೆ ಎಲ್ಲಿ ಎಳೆಯುತ್ತೀರಿ?

ಹಳೇ ಎಡಿಟರ್
"ಈ ಭಾಗಕ್ಕೆ ಇವರು" ಅಂತ ಕಾರಣವನ್ನು ಬರೆದು ತೋರಿಸಲು ಆಗುತ್ತದಾ? ಆದರೆ ಸರಿ. ಮನಸ್ಸಿನಲ್ಲಿರುವ ಕಾರಣವನ್ನು ಎಡಿಟರ್‌ಗೆ ಬರೆಯಲು ನಾಚಿಕೆ ಆದರೆ ಹೆಸರು ಬೇಡ. ನನಗೆ ಗೊತ್ತಿರುವ ಗೆರೆ ಇಷ್ಟೇ.

ಎರಡನೇ ರಿವ್ಯೂವರ್
ನನಗೆ ನಾಚಿಕೆ ಆಗುತ್ತಿರಲಿಲ್ಲ, ಅದೇ ತೊಂದರೆ.

ಸಿಡುಕ
ಹಾಗಾದರೆ ನನ್ನ ಪೇಪರ್ ಹರಿದು ಹಾಕಿದ್ದು ನೀವೇನಾ?

ತೇವಾಂಶ
ಅಂಕಿಸಂಖ್ಯೆ ಅವರು ಹೇಳಿದ ಹಾಗೆ ಹುಡುಕಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಇಬ್ಬರು ಸಿಕ್ಕಿದರು. ಒಬ್ಬರು ಸೆನ್ಸರ್ ಕಡೆಯವರು, ಮೂರು ವರ್ಷದಲ್ಲಿ ಎರಡು ಪೇಪರ್‌ಗೆ ಮೊದಲ ಲೇಖಕರು. ಅವರ ಹೆಸರು ಪೇಪರ್‌ನಲ್ಲಿ ನೋಡಿದ್ದೇನೆ, ಪರಿಚಯ ಇಲ್ಲ. ಇನ್ನೊಬ್ಬರು ಲೆಕ್ಕದ ಕಡೆಯವರು, ಒಂದು ಕಾರ್ಯಾಗಾರದಲ್ಲಿ ಪಾಠ ಮಾಡಿದ್ದರು, ಆಗ ಪರಿಚಯ. ಇಬ್ಬರೂ ಲೇಖಕರ ಜೊತೆ ಬರೆದಿಲ್ಲ, ನಮ್ಮ ಗುಂಪಿನ ಜೊತೆಯೂ ಬರೆದಿಲ್ಲ. ಹೀಗೆ ಬರೆದಿದ್ದೇನೆ, ಕಳಿಸುವಾಗ ಇಂಗ್ಲಿಷ್‌ಗೆ ತಿರುಗಿಸುತ್ತೇನೆ:

"ಆಹ್ವಾನಕ್ಕೆ ಧನ್ಯವಾದ. ಇದೇ ಪ್ರಶ್ನೆಯ ಮೇಲೆ ನಮ್ಮ ಗುಂಪು ಒಂದು ಪೇಪರ್ ಬರೆಯುತ್ತಿರುವುದರಿಂದ ನಾನು ಇದನ್ನು ರಿವ್ಯೂ ಮಾಡುವುದು ಸರಿಯಲ್ಲ. ತಿದ್ದಿದ ಆವೃತ್ತಿಗೂ ಇದೇ ಅನ್ವಯ. ನಾನು ನೋಡಿರುವುದು ಆಹ್ವಾನದಲ್ಲಿದ್ದ ಅಬ್‌ಸ್ಟ್ರಾಕ್ಟ್ ಮಾತ್ರ.

ಇಬ್ಬರ ಹೆಸರು ಸೂಚಿಸುತ್ತೇನೆ. ಮೊದಲನೆಯವರು ಉಪ್ಪು ಮಣ್ಣಿನಲ್ಲಿ ಇಂಥ ಸೆನ್ಸರ್‌ಗಳ ಕ್ಯಾಲಿಬ್ರೇಶನ್ ಮಾಡಿದವರು, ಅಳತೆಯ ಭಾಗವನ್ನು ನೋಡಬಲ್ಲರು. ನನಗೆ ಅವರ ಪರಿಚಯವಿಲ್ಲ. ಎರಡನೆಯವರು ಒಂದೇ ಜಾಗದಿಂದ ಪದೇ ಪದೇ ತೆಗೆದ ಅಳತೆಗಳ ವಿಶ್ಲೇಷಣೆಯಲ್ಲಿ ಕೆಲಸ ಮಾಡುವವರು, ಮಾದರಿಯ ಭಾಗಕ್ಕೆ ಸೂಕ್ತ. ಒಂದು ಕಾರ್ಯಾಗಾರದಲ್ಲಿ ಭೇಟಿಯಾಗಿದ್ದೇನೆ, ಜೊತೆಗೆ ಕೆಲಸ ಮಾಡಿಲ್ಲ. ಇಬ್ಬರೂ ಲೇಖಕರ ಜೊತೆ ಇತ್ತೀಚೆಗೆ ಪೇಪರ್ ಬರೆದದ್ದು ನನಗೆ ಕಂಡಿಲ್ಲ. ಇಬ್ಬರ ಹತ್ತಿರವೂ ಈ ಬಗ್ಗೆ ಮಾತಾಡಿಲ್ಲ."

ಕೆಳಗೆ ಹೆಸರು, ಸಂಸ್ಥೆ, ಪುಟದ ಲಿಂಕ್.

ಹಳೇ ಎಡಿಟರ್
ಇಂಥದ್ದು ನನಗೆ ಬಂದಿದ್ದರೆ ಆ ದಿನ ಕಾಫಿ ರುಚಿಯಾಗಿರುತ್ತಿತ್ತು. ಒಂದೇ ಒಂದು ಸೇರಿಸಿ: "ನಮ್ಮ ಕೆಲಸದ ಕಾರಣ ಈ ಸೂಚನೆಗಳನ್ನು ನೀವೇ ಪರಿಶೀಲಿಸಿ". ಎದುರಾಳಿ ಕೊಟ್ಟ ಹೆಸರು ಅಂತ ಗೊತ್ತಿದ್ದೇ ಎಡಿಟರ್ ತೀರ್ಮಾನ ಮಾಡಲಿ.

ಗಡಿಬಿಡಿ
ಕಾಪಿ ಮಾಡಿಟ್ಟುಕೊಂಡೆ. ಹೆಸರು ಬದಲಿಸಲು ಮರೆಯದಿದ್ದರೆ ಸಾಕು.

ತೇವಾಂಶ
ಕಳಿಸಿದೆ. Decline ಒತ್ತಿದ ಮೇಲೆ ಒಂದೇ ಚೌಕ ಬಂತು, ಎಲ್ಲಾ ಅದರಲ್ಲೇ ತುಂಬಿದೆ. ಹಿಂದೆಯೇ ಯಂತ್ರದ ಧನ್ಯವಾದ ಬಂತು. ಎಡಿಟರ್ ಕಡೆಯಿಂದ ಏನೂ ಇಲ್ಲ.

ಹಳೇ ಎಡಿಟರ್
ಬರುವುದಿಲ್ಲ. ಯಾರನ್ನು ಕೇಳಿದರು ಅಂತಲೂ ನಿಮಗೆ ಗೊತ್ತಾಗುವುದಿಲ್ಲ.

ತೇವಾಂಶ
ಹನ್ನೆರಡು ದಿನ ಆದಮೇಲೆ ಮತ್ತೆ ಬಂದಿದ್ದೇನೆ. ಗೊತ್ತಾಯಿತು ಸರ್. ಆ ಲೆಕ್ಕದವರು ಇವತ್ತು ಮೇಲ್ ಮಾಡಿದ್ದಾರೆ: "ನನ್ನ ಕ್ಷೇತ್ರವೇ ಅಲ್ಲದ ಮಣ್ಣಿನ ಪೇಪರ್ ಒಂದು ರಿವ್ಯೂಗೆ ಬಂದಿದೆ, ಮಣ್ಣಿನವರಲ್ಲಿ ನನಗೆ ಗೊತ್ತಿರುವುದು ನೀವೊಬ್ಬರೇ. ನೀವೇ ಹೆಸರು ಕೊಟ್ಟಿರಾ?" ಈಗ ಏನು ಹೇಳಲಿ?

ಅಂಕಿಸಂಖ್ಯೆ
ಅದಕ್ಕೇ ಮೊದಲೇ ಕೇಳಿ ಅಂದಿದ್ದೆ.

ಹಳೇ ಎಡಿಟರ್
ಅವರೂ ಹೀಗೆ ಹೇಳಬಾರದಿತ್ತು. ಆ ಪೇಪರ್ ಬಗ್ಗೆ ಮಾತಾಡಲು ಆಗುವುದಿಲ್ಲ ಅನ್ನಿ, ಹೌದು ಅಂತಲೂ ಬೇಡ, ಅಲ್ಲ ಅಂತಲೂ ಬೇಡ. ಕ್ಷೇತ್ರದ ಬಗ್ಗೆ ಅನುಮಾನ ಇದ್ದರೆ ಎಡಿಟರ್‌ನ್ನೇ ಕೇಳಲಿ, "ಲೆಕ್ಕದ ಭಾಗ ಮಾತ್ರ ನೋಡಿ" ಅನ್ನುತ್ತಾರೆ.

ಎರಡನೇ ರಿವ್ಯೂವರ್
ಮಾತಾಡಲು ಆಗುವುದಿಲ್ಲ ಅಂದರೆ ಹೌದು ಅಂತಲೇ ಅರ್ಥ.

ತೇವಾಂಶ
ಅದೇ ನನ್ನ ತಲೆನೋವು. ಇನ್ನೂ ಉತ್ತರ ಬರೆದಿಲ್ಲ.

ಮೌನಿ
ಸುಮ್ನೆ ಇದ್ದುಬಿಡಿ. ನಾನು ಮಾಡೋದೇ ಹಾಗೆ.